ಕುಂಡ ಬಿಡಲೊಲ್ಲದ ದಾಸವಾಳ

ನಮ್ಮ ಮನೆಯ ಶಾಂತಿ ಬಾಲ್ಕನಿಯ ಕೆಂಪು ದಾಸವಾಳದ ಮೇಲೆ ನಿಂತಿದೆ. ಬೆಳಿಗ್ಗೆ ಅತ್ತೆಯ ಗಣಪತಿಗೆ ಒಂದು ಹೂ ಸಿಕ್ಕರೆ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಕಾಫಿ. ಸಿಗದಿದ್ದರೆ ಕಾಫಿಗೆ ಮೊದಲು ವಿಚಾರಣೆ. ಬೇಸಿಗೆ ಮುಗಿಯುವ ಹೊತ್ತಿಗೆ ವಿಚಾರಣೆಗಳೇ ಜಾಸ್ತಿಯಾದವು. ಮೊಗ್ಗು ಅರಳುವ ಮೊದಲೇ ಉದುರುತ್ತಿತ್ತು, ಕೆಳಗಿನ ಎಲೆಗಳು ಹಳದಿಯಾಗುತ್ತಿದ್ದವು.

“ಯಾರದೋ ಕಣ್ಣು ಬಿದ್ದಿದೆ” ಅಂದರು ಅತ್ತೆ. ನನಗೆ ಅನುಮಾನ ಕುಂಡದ ಮೇಲೆ. ಒಂದು ಚೊಂಬು ನೀರು ಹಾಕಿದರೆ ಚೊಂಬು ಕೆಳಗಿಡುವಷ್ಟರಲ್ಲಿ ಅದು ತಳದ ತಟ್ಟೆಗೆ ಬಂದಿರುತ್ತಿತ್ತು. ಮಧ್ಯಾಹ್ನಕ್ಕೆ ಗಿಡ ಮತ್ತೆ ಜೋತುಬೀಳುತ್ತಿತ್ತು. ಒಳಗೆ ಮಣ್ಣು ಅಂತ ಇದ್ದರೆ ತಾನೇ ನೀರು ನಿಲ್ಲೋದು? ಕುಂಡದ ತುಂಬ ಬೇರೇ ಆಗಿಬಿಟ್ಟಿತ್ತು. ಎತ್ತಿ ನೋಡಿದರೆ ತಳದ ತೂತುಗಳಿಂದ ಹೊರಬಂದ ಬೇರು ತಟ್ಟೆಯಲ್ಲೆಲ್ಲ ಹರಡಿ, ತಟ್ಟೆಯೂ ಕುಂಡದ ಜೊತೆಗೇ ಮೇಲಕ್ಕೆ ಬಂತು.

“ಇದೇನು ಮಹಾ, ಎಳೆದರೆ ಬರುತ್ತೆ” ಅಂತ ಯಜಮಾನರು ಪಂಚೆ ಎತ್ತಿ ಕಟ್ಟಿದರು. ಬುಡ ಹಿಡಿದು ಎಳೆದರು. ಗಿಡ ಬಂತು, ಕುಂಡ ಬಂತು, ತಟ್ಟೆ ಬಂತು. ಮೂರೂ ಒಟ್ಟಿಗೆ ಗಾಳಿಯಲ್ಲಿ ತೂಗಾಡಿದವು. ಒಳಗೆಲ್ಲೋ ‘ಪಟ್’ ಅಂತ ಸದ್ದಾಯಿತು. “ಸೊಂಟವಾ, ಬೇರಾ?” ಅಂತ ಕೇಳಿದೆ. ಉತ್ತರ ಬರಲಿಲ್ಲ. ಆಮೇಲೆ ಎರಡು ದಿನ ಅವರು ಮೂವ್ಮೆಂಟ್ ಕಡಿಮೆ ಮಾಡಿದ್ದನ್ನು ನೋಡಿ ನಾನೇ ಅರ್ಥಮಾಡಿಕೊಂಡೆ.

ಕಾಂಡ ಹಿಡಿದು ಎಳೆದರೆ ಗಿಡದ ಭಾರ, ಕುಂಡದ ಬಿಗಿ, ಎಳೆಯುವವರ ಪೌರುಷ ಎಲ್ಲವೂ ಬುಡದ ಹತ್ತಿರದ ನಾಲ್ಕೈದು ಬೇರುಗಳ ಮೇಲೆ ಬೀಳುತ್ತವೆ. ನೀರು ಹೀರುವ ಕೆಲಸ ಬಹುಪಾಲು ನಡೆಯುವುದು ತುದಿಯ ಎಳೆಬೇರುಗಳಲ್ಲಿ. ಅವು ಕುಂಡದ ಗೋಡೆಗೇ ಅಂಟಿಕೊಂಡಿರುತ್ತವೆ. ಎಳೆದಾಗ ಅವು ಅಲ್ಲೇ ಉಳಿದು, ದಪ್ಪ ಬೇರು ಮಾತ್ರ ಕೈಗೆ ಬರುತ್ತದೆ. ಆದ್ದರಿಂದ ಗಿಡವನ್ನು ಕುಂಡದಿಂದ ಎಳೆಯಬಾರದು, ಕುಂಡವನ್ನು ಗಿಡದಿಂದ ಬಿಡಿಸಬೇಕು. ಇದನ್ನು ಯಜಮಾನರಿಗೆ ಹೇಳಲು ಹೋಗಲಿಲ್ಲ. ಬೆನ್ನಿಗೆ ಮುಲಾಮು ಹಚ್ಚುವಾಗ ಉಪದೇಶ ಮಾಡಬಾರದು.

ಮೊದಲ ಮಳೆ ಬಿದ್ದು ಬಿಸಿಲು ತಗ್ಗಿದ ಮೇಲೆ ಕೆಲಸಕ್ಕೆ ಕೈಹಾಕಿದೆ. ಹಿಂದಿನ ಸಂಜೆಯೇ ಚೆನ್ನಾಗಿ ನೀರು ಹಾಕಿಟ್ಟಿದ್ದೆ. ಒಣಗಿದ ಬೇರು ಬಾಗದೆ ಮುರಿಯುತ್ತದೆ. ಆಗಷ್ಟೇ ನೀರು ಕುಡಿದ ಮಣ್ಣು ಭಾರವಾಗಿ, ಹೊರಬಂದ ಕೂಡಲೇ ಕುಸಿದು ಬೇರನ್ನೂ ಎಳೆದುಕೊಂಡು ಬೀಳುತ್ತದೆ. ಒಂದು ರಾತ್ರಿ ಕಳೆದರೆ ಹದ ಸರಿ.

ಮೊದಲು ತಟ್ಟೆ. ತೂತಿನಿಂದ ಬಂದ ಸಣ್ಣ ಬೇರುಗಳನ್ನು ಕತ್ತರಿಯಿಂದ ತಳದ ಸಮಕ್ಕೆ ಕತ್ತರಿಸಿದೆ. “ಬೇರು ಹರಿಯಬಾರದು ಅಂತೀಯ, ಕತ್ತರಿಸ್ತಾ ಇದ್ದೀಯ!” ಅಂದರು ಅತ್ತೆ. ಪ್ರಶ್ನೆ ಸರಿಯೇ. ಆದರೆ ಚೂಪಾದ ಕತ್ತರಿಯ ನುಣುಪು ಗಾಯ ಬೇಗ ಮಾಯುತ್ತದೆ, ಹರಿದ ಬೇರಿನ ನಾರುನಾರು ತುದಿ ಒದ್ದೆ ಮಣ್ಣಿನಲ್ಲಿ ಸುಲಭವಾಗಿ ಕೊಳೆಯುತ್ತದೆ. ಒಂದು ಬೇರು ಮಾತ್ರ ಬೆರಳಷ್ಟು ದಪ್ಪವಿತ್ತು. ಅದನ್ನು ಮುಟ್ಟಲಿಲ್ಲ, ಅದರ ಸುತ್ತಲಿನ ಪ್ಲಾಸ್ಟಿಕ್ಕನ್ನೇ ಇಕ್ಕಳದಿಂದ ಚೂರುಚೂರಾಗಿ ಮುರಿದು ತೂತು ದೊಡ್ಡದು ಮಾಡಿದೆ.

ಆಮೇಲೆ ಕುಂಡವನ್ನು ಅಡ್ಡ ಮಲಗಿಸಿ, ಹಳೇ ಚಾಪೆಯ ಮೇಲೆ ಉರುಳಿಸುತ್ತಾ ಅಂಗೈಯಿಂದ ಒತ್ತಿದೆ. ಪ್ಲಾಸ್ಟಿಕ್ ಕುಂಡದ ದೊಡ್ಡ ಗುಣವೇ ಇದು, ಒತ್ತಿದರೆ ಬಾಗುತ್ತದೆ. ಬಾಗಿದಾಗಲೆಲ್ಲ ಗೋಡೆಗೂ ಬೇರಿಗೂ ನಡುವೆ ಸ್ವಲ್ಪ ಗಾಳಿ ಹೋಗುತ್ತದೆ. ಸುತ್ತಲೂ ಒತ್ತಿ, ಅಡುಗೆಮನೆಯ ಬ್ರೆಡ್ ಚಾಕುವನ್ನು ಗೋಡೆಗೆ ಒರಗಿಸಿ ಒಳಗಿಳಿಸಿದೆ. ಅದು ಉದ್ದ, ತೆಳು, ತುದಿಯೂ ಮೊಂಡು. ಚಾಕು ಪ್ಲಾಸ್ಟಿಕ್ಕಿಗೆ ಉಜ್ಜುವ ಸದ್ದು ಕೇಳುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೇವೆ ಅಂತ. ಸದ್ದು ನಿಂತು ‘ಕರಕ್’ ಅಂದರೆ ಬೇರಿನೊಳಕ್ಕೆ ನುಗ್ಗಿದ್ದೇವೆ.

ಮಾಮೂಲಿ ಕುಂಡವಾಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಕಾಂಡವನ್ನು ಬೆರಳುಗಳ ನಡುವೆ ಬಿಟ್ಟುಕೊಂಡು ಅಂಗೈಯಿಂದ ಮಣ್ಣಿಗೆ ಆಸರೆ ಕೊಟ್ಟು, ತಲೆಕೆಳಗು ಮಾಡಿ, ಅಂಚನ್ನು ಮೇಜಿನ ಮೂಲೆಗೆ ಮೆಲ್ಲಗೆ ಕುಟ್ಟಿದರೆ ಗಿಡ ಜಾರಿ ಕೈಗೆ ಬರುತ್ತದೆ. ನಮ್ಮದು ಅತ್ತೆ ಜಾತ್ರೆಯಲ್ಲಿ ಚೌಕಾಸಿ ಮಾಡಿ ತಂದ ಕುಂಡ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಹೊಟ್ಟೆಯಳತೆಗೆ ಬೆಳೆದ ಬೇರಿನ ಮುದ್ದೆ ಬಾಯಿಯಿಂದ ಹೇಗೆ ಬರಬೇಕು? ಕೊಳ್ಳುವಾಗ ಅಂದಕ್ಕಿಂತ ಬಾಯಿ ನೋಡಿ ಕುಂಡ ಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಅತ್ತೆ ಇದನ್ನು ತಮಗೇ ಹೇಳಿದ್ದು ಅಂದುಕೊಂಡರು.

ಅಷ್ಟರಲ್ಲಿ ಮೇಲಿನ ಮನೆಯ ಅಂಕಲ್ ಇಳಿದು ಬಂದರು. “ತಳದ ತೂತಿಗೆ ಪೈಪ್ ಇಟ್ಟು ನೀರು ಬಿಡಿ, ತಾನೇ ಮೇಲೆ ಬರುತ್ತೆ.” ಸಲಹೆ ಸುಳ್ಳಲ್ಲ. ನೇರ ಗೋಡೆಯ ಕುಂಡದಲ್ಲಿ ನೀರಿನ ಒತ್ತಡ ಬೇರನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮ ಕುಂಡದಲ್ಲಿ ನೀರು ಬಾಯಿಯವರೆಗೆ ಬಂದು, ಕೆಂಪು ಮಣ್ಣಿನ ಸಮೇತ ಅಂಕಲ್ ಅವರ ಬಿಳಿ ಬನಿಯನ್ ಮೇಲೆ ಹೋಯಿತು. ಗಿಡ ಇದ್ದಲ್ಲೇ ಇತ್ತು.

ಉಳಿದದ್ದು ಒಂದೇ ದಾರಿ. “ಕುಂಡ ಕೊಯ್ಯೋಣ” ಅಂದೆ.

“ಒಳ್ಳೇ ಕುಂಡ!” ಅಂದರು ಅತ್ತೆ.

“ಗಣಪತಿಗೆ ಹೂ ಬೇಕಾ, ಕುಂಡ ಬೇಕಾ ಅತ್ತೆ?”

ಅವರು ಒಳಗೆ ಹೋದರು. ಅದನ್ನು ಅನುಮತಿ ಅಂದುಕೊಂಡೆ.

ಗಟ್ಟಿ ಕತ್ತರಿಯಿಂದ ಅಂಚನ್ನು ತುಂಡರಿಸಿ, ಅಲ್ಲಿಂದ ಹ್ಯಾಕ್‌ಸಾ ಬ್ಲೇಡಿನಲ್ಲಿ ತಳದವರೆಗೆ ಕೊಯ್ದೆ. ಎದುರು ಬದಿಯಲ್ಲೂ ಹಾಗೇ. ಬ್ಲೇಡ್ ಆಳಕ್ಕೆ ಇಳಿಯದಂತೆ ಓರೆಯಾಗಿ ಹಿಡಿಯಬೇಕು, ಪ್ಲಾಸ್ಟಿಕ್ ಕೊಯ್ದರೆ ಸಾಕು. ಬಿಸಿಲು ತಿಂದ ಪ್ಲಾಸ್ಟಿಕ್ ಅರ್ಧ ದಾರಿಯಲ್ಲಿ ತಾನೇ ಸೀಳಿತು. ಎರಡು ಹೋಳನ್ನೂ ಬೇರಿನಿಂದ ಮೆಲ್ಲಗೆ ಸುಲಿದೆ.

ಒಳಗಿದ್ದದ್ದು ಕುಂಡದ್ದೇ ಅಚ್ಚು. ಅಂಚಿನ ಮಡಿಕೆಯೂ ಬೇರಿನಲ್ಲಿ ಮೂಡಿತ್ತು. ಹೊರಗಡೆ ಬಿಳಿ ಬೇರುಗಳು ಸುತ್ತಿ ಸುತ್ತಿ ಹೋಗಿದ್ದವು, ತಳದಲ್ಲಿ ದಪ್ಪ ಹಾಸು ಕಟ್ಟಿತ್ತು. ಇದನ್ನು ಹಾಗೇ ನೆಟ್ಟರೆ ಹೊಸ ಮಣ್ಣಿನಲ್ಲೂ ಬೇರುಗಳು ಹಳೇ ಸುತ್ತಿನಲ್ಲೇ ತಿರುಗುತ್ತಿರುತ್ತವೆ. ತಳದಿಂದ ಶುರುಮಾಡಿ, ಬೆರಳ ತುದಿಯಲ್ಲಿ ಒಂದೊಂದೇ ಎಳೆಯನ್ನು ಹೊರಕ್ಕೆ ಬಿಡಿಸಿದೆ. ಒಂದು ಕಡೆ ಬಿಗಿಯಾದರೆ ಬಿಟ್ಟು ಇನ್ನೊಂದು ಕಡೆ. ಬಿಡಿಸಲಾಗದ ಹಾಸನ್ನು ಚೂಪಾದ ಚಾಕುವಿನಿಂದ ತೆಳ್ಳಗೆ ತೆಗೆದೆ. ಬೇರಿನ ಮುದ್ದೆಯ ಮಧ್ಯದ ಮಣ್ಣನ್ನು ಕೆದಕಲಿಲ್ಲ. ದಾಸವಾಳ ಇಷ್ಟು ತಡೆಯುತ್ತದೆ, ಬೋಗನ್‌ವಿಲ್ಲಾ ಆಗಿದ್ದರೆ ಬೇರನ್ನು ಬಿಡಿಸಲು ಹೋಗದೆ ಹಾಗೇ ಇಳಿಸುತ್ತಿದ್ದೆ.

ಹೊಸ ಕುಂಡ ಹಳೆಯದಕ್ಕಿಂತ 2 ಇಂಚು ಅಗಲ. ಸಿಕ್ಕಾಪಟ್ಟೆ ದೊಡ್ಡದಾದರೆ ಬೇರಿಲ್ಲದ ಮಣ್ಣು ಒದ್ದೆಯಾಗೇ ಉಳಿದು ಕೊಳೆ ಬರುತ್ತದೆ. ಬುಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಟ್ಟು, ನೀರು ಹಾಕಿ, ನೆರಳಿಗಿಟ್ಟೆ. ಮೇಲಿನ ಕೊಂಬೆಗಳನ್ನೂ ಸ್ವಲ್ಪ ಸವರಿದೆ. ಬೇರು ಕಡಿಮೆಯಾದಾಗ ಎಲೆಗಳ ಬಾಯಾರಿಕೆಯೂ ಕಡಿಮೆಯಾಗಬೇಕಲ್ಲ.

ಮಾರನೇ ದಿನ ಎಲೆ ಜೋತುಬಿದ್ದದ್ದೇ ತಡ, ಅತ್ತೆ ಕಡಲೆಕಾಯಿ ಹಿಂಡಿ ನೆನೆಸಿದ ಬಕೆಟ್ ಹಿಡಿದು ಹಾಜರ್. ವಾಸನೆಗೆ ಅಂಕಲ್ ಮೇಲಿನ ಕಿಟಕಿ ಮುಚ್ಚಿದರು. ಹೊಸ ಬೇರು ಬರುವವರೆಗೆ, ಅಂದರೆ 3-4 ವಾರ, ಗೊಬ್ಬರ ಬೇಡ ಅಂತ ಅತ್ತೆಯನ್ನು ಒಪ್ಪಿಸುವುದು ಕುಂಡ ಕೊಯ್ದದ್ದಕ್ಕಿಂತ ಕಷ್ಟವಾಯಿತು. ಮಧ್ಯಾಹ್ನ ಜೋತು ಸಂಜೆಗೆ ಎದ್ದು ನಿಂತರೆ ಗಾಬರಿ ಬೇಡ. ಬೆಳಿಗ್ಗೆಯೂ ಜೋತೇ ಇದ್ದು, ಮಣ್ಣು ಒದ್ದೆಯಿದ್ದರೆ ಆಗ ಚಿಂತೆ. ನಮ್ಮದು ಸಂಜೆ ಎದ್ದಿತು. ಮೊಗ್ಗು ಬರಲು ಇನ್ನೂ ಟೈಮಿದೆ. ಅಲ್ಲಿಯವರೆಗೆ ಗಣಪತಿಗೆ ಅಂಕಲ್ ಮನೆಯ ಗರಿಕೆ.

ಕೊಯ್ದ ಹೋಳುಗಳನ್ನು ಅತ್ತೆ ತಂತಿಯಲ್ಲಿ ಬಿಗಿದು ಕೊತ್ತಂಬರಿ ಬಿತ್ತಿದ್ದಾರೆ. ಬ್ರೆಡ್ ಚಾಕುವನ್ನು ಎಷ್ಟು ತೊಳೆದರೂ ಯಜಮಾನರು ಒಪ್ಪುತ್ತಿಲ್ಲ. ಅದು ಬಾಲ್ಕನಿಯಲ್ಲೇ ಇದೆ, ನಾವು ಬ್ರೆಡ್ಡನ್ನು ಕೈಯಲ್ಲೇ ಹರಿದು ತಿನ್ನುತ್ತಿದ್ದೇವೆ.