ಮಾಡುವ ಮಾರಾಯ!

ನಮ್ಮ ಹತ್ತನೇ ಕ್ಲಾಸಿನ ಗ್ರೂಪಲ್ಲಿ ಮೊನ್ನೆ ಭಾನುವಾರ ಒಂದೇ ದಿನ 63 ವಾಯ್ಸ್ ಮೆಸೇಜ್ ಬಿದ್ದವು. ವಿಷಯ ನಮ್ಮ ಗೆಟ್ ಟುಗೆದರ್. ಕೊನೆಯದು ದುಬೈಯವನದು. "ಯಾರಾದ್ರೂ ಇದನ್ನೆಲ್ಲ ಬರೆದು ಹಾಕಿ ಮಾರಾಯ್ರೆ, ಕೇಳ್ಲಿಕ್ಕೆ ಟೈಮಿಲ್ಲ." ಇಷ್ಟು ಹೇಳಲು ಪುಣ್ಯಾತ್ಮ ನಾಲ್ಕು ನಿಮಿಷ ತೆಗೆದುಕೊಂಡಿದ್ದ.

ಆ "ಯಾರಾದ್ರೂ" ನಾನೇ ಆದೆ. ಪುಸ್ತಕ ಹಿಡಿದು, ಒಂದೂವರೆ ಸ್ಪೀಡಿಗೆ ಹಾಕಿ ಕೂತೆ.

ಮಲ್ಪೆಯ ಗೆಳೆಯನದಂತೂ ಆರು ನಿಮಿಷದ ಮಹಾಪ್ರಸಂಗ. ಶುರುವಿಗೆ "ಹಲೋ, ಕೇಳ್ತದಾ?" ಅಂತ ಕೇಳಿ ಸ್ವಲ್ಪ ಕಾದೂ ಇದ್ದಾನೆ! ಆಮೇಲೆ ಮೀನಿನವನ ಹಾರ್ನ್, ಬಂಗುಡೆಗೆ ಚೌಕಾಸಿ. ನಡುವೆ "ಇನ್ನೂರಕ್ಕೆ ಕೊಡು" ಎಂದದ್ದನ್ನು ನಾನು ಊಟದ ರೇಟು ಎಂದು ಬರೆದುಕೊಂಡೆ. ಅಸಲು ರೇಟು ಐದನೇ ನಿಮಿಷದಲ್ಲಿತ್ತು, ಪ್ಲೇಟಿಗೆ 300. ಹುಡುಕೋಣ ಎಂದರೆ ಇದೇನು ಅಕ್ಷರವೇ? ಪೂರ್ತಿ ಕೇಳಲೇಬೇಕು. ಒಂದು ಬುದ್ಧಿ ಬಂತು: ಪ್ರತಿ ಅಂಕಿಯ ಪಕ್ಕ ಹೇಳಿದವನ ಹೆಸರು ಮತ್ತು ಎಷ್ಟನೇ ನಿಮಿಷ ಎಂದು ಬರೆದಿಟ್ಟೆ. ನಾಳೆ "ನಾನು ಹಾಗೆ ಹೇಳ್ಲೇ ಇಲ್ಲ" ಎನ್ನುತ್ತಾರಲ್ವಾ.

ಕೆಲಸದ ಪಟ್ಟಿ ಮಾಡಲು ಹೋದಾಗ ನಮ್ಮೂರ ಕನ್ನಡವೇ ಕೈಕೊಟ್ಟಿತು. "ಮಾಡೋಣ" ಎನ್ನಲು ನಾವು "ಮಾಡುವ" ಎನ್ನುತ್ತೇವಲ್ಲ. ಹಾಲ್ ಬುಕ್ ಮಾಡುವ. ಟೀಚರ್‌ಗಳನ್ನು ಕರೆಯುವ. ಶಾಲು ತರುವ. ಎಷ್ಟು ಚಂದದ ಮಾತು! ಎಲ್ಲರೂ ಸೇರಿದ್ದಾರೆ, ಯಾರೂ ಇಲ್ಲ. "ಮಾಡುವ" ಎಂದದ್ದು 31 ಸಲ. "ನಾನು ಮಾಡ್ತೇನೆ" ಎಂದದ್ದು ಎರಡು ಸಲ, ಅದರಲ್ಲೊಂದು ಫೋನ್ ಮಾಡ್ತೇನೆ ಎಂಬರ್ಥದಲ್ಲಿ. ಹಾಗಾಗಿ "ಮಾಡುವ"ಗಳನ್ನೆಲ್ಲ ಬೇರೆ ಪುಟಕ್ಕೆ ತಳ್ಳಿ, ಎದುರಿಗೆ "ಯಾರು?" ಎಂದು ಬರೆದೆ.

ದುಡ್ಡಿನಲ್ಲೂ ಇದೇ ಕತೆ. 40 ಜನ "ಬರುವ" ಎಂದಿದ್ದರು. ಹಾಲ್ 8,000, ಮೈಕ್ 3,000, ಟೀಚರ್‌ಗಳ ಶಾಲು-ಹಣ್ಣು 3,000. ಈ 14,000 ಯಾರು ಬರಲಿ ಬಿಡಲಿ ಆಗುವ ಖರ್ಚು. ಊಟ 12,000. ಒಟ್ಟು 26,000, ತಲೆಗೆ 650. ಗ್ರೂಪಿಗೂ ಅಷ್ಟೇ ಹೇಳಿಯಾಯಿತು. ದುಡ್ಡು ಕಳಿಸಿದ್ದು 28 ಜನ. ಊಟ 28 ಎಂದು ಹೇಳಿದ್ದರೆ ತಲೆಗೆ 800 ಆಗುತ್ತಿತ್ತು. ಆದರೆ ಅಷ್ಟರಲ್ಲಿ ಒಬ್ಬ ಮಹಾನುಭಾವ ಉತ್ಸಾಹದಲ್ಲಿ ಅಡುಗೆಯವರಿಗೆ 40 ಪ್ಲೇಟ್ ಎಂದು ಮಾತು ಕೊಟ್ಟಾಗಿತ್ತು. ಈಗ ಬರುವವರ ತಲೆಗೆ 929.

ಬಾರದ ಹನ್ನೆರಡು ಜನರ ಕೋರಿ ರೊಟ್ಟಿಗೆ ನಾವು ಯಾಕೆ ಕೊಡಬೇಕು? ಬರಲಿಕ್ಕಾಗದಿದ್ದರೆ "ಇಲ್ಲ" ಎಂದು ಎರಡಕ್ಷರ ಟೈಪ್ ಮಾಡಲು ಏನು ರೋಗ? ನನಗೆ ನಿಜಕ್ಕೂ ಸಾಕಾಗಿದೆ.

ಕಡೆಗೆ ಹತ್ತು ಸಾಲಿನಲ್ಲಿ ಎಲ್ಲ ಬರೆದು ಹಾಕಿದೆ. ಹಾಲಿನವರಿಗೆ 5,000 ಅಡ್ವಾನ್ಸ್ ಕೊಟ್ಟವನು ಯಾರು ಎಂಬುದು ಮಾತ್ರ 63ರಲ್ಲಿ ಒಂದರಲ್ಲೂ ಇರಲಿಲ್ಲ. ಅದನ್ನು ನನ್ನ ಬ್ಯಾಂಕಿನ ಮೆಸೇಜ್ ನೋಡಿ ಸೇರಿಸಿದೆ.