2.4 ಗ್ರಾಂಗೆ ಗೇಟ್ ತೆಗೆಯಲ್ವಂತೆ

ಮೀಟಿಂಗ್ ಮಧ್ಯೆ ಅಲಾರಾಂ ಹೊಡ್ಕೊಂಡ್ರೆ ನಮ್ಮಲ್ಲಿ ಈಗ ಯಾರೂ ತಲೆ ಎತ್ತಲ್ಲ, ನಮ್ ಗೆಳೆಯನ ಸ್ನಾಯುಗಳಿಗೆ ಊಟದ ಹೊತ್ತಾಯ್ತು ಅಂತ ಎಲ್ರಿಗೂ ಗೊತ್ತು. ಮೂರು ಗಂಟೆಗೊಂದ್ಸಲ, ದಿನಕ್ಕೆ ಐದು ಸಲ. ಬ್ಯಾಗಿಂದ ಪುಟ್ಟ ತಕ್ಕಡಿ ತೆಗೆದು ಲ್ಯೂಸಿನ್ ಪುಡಿ ತೂಗ್ತಾನೆ, ಪ್ರೋಟೀನಲ್ಲಿರೋ ಒಂದು ಅಮೈನೋ ಆಮ್ಲ ಅದು. 2.4 ತೋರಿಸಿದ್ರೆ ಮುಖ ಸಪ್ಪಗಾಗುತ್ತೆ, ಇನ್ನೊಂದು ಚಿಟಿಕೆ ಹಾಕಿ 3 ಮಾಡ್ಕೊಂಡ ಮೇಲೇ ಉಸಿರು ಬಿಡೋದು. ಒಂದ್ಸಲಕ್ಕೆ 2.5–3 ಗ್ರಾಂ ಲ್ಯೂಸಿನ್ ಅನ್ನೋ ಥ್ರೆಶೋಲ್ಡ್ ದಾಟ್ಲಿಲ್ಲ ಅಂದ್ರೆ ಸ್ನಾಯು ಗೇಟೇ ತೆಗೆಯಲ್ವಂತೆ, ಒಳಗೆ ವಾಚ್‌ಮನ್ ಕೂತು ರಸೀದಿ ಚೆಕ್ ಮಾಡ್ತಾನೇನೋ!

ಲ್ಯೂಸಿನ್ ಎಂಟಾರ್ ಅನ್ನೋ ಸ್ವಿಚ್ ಒತ್ತುತ್ತೆ, ಆಗ ಸ್ನಾಯು ಕಟ್ಟೋ ಕೆಲಸ ಶುರುವಾಗುತ್ತೆ, ಅದು ನಿಜಾನೇ. ಆದ್ರೆ ಆ 2.5–3 ಗ್ರಾಂ ಅನ್ನೋದು ಹಾಲಿಂದ ತೆಗೆಯೋ ವೇ ಪ್ರೋಟೀನ್ 20–25 ಗ್ರಾಂನಲ್ಲಿ ಹೆಚ್ಚುಕಮ್ಮಿ ಇರೋ ಲ್ಯೂಸಿನ್, ಒಂದು ಅಂದಾಜು ಅಷ್ಟೇ, ವಯಸ್ಸಾದವರಿಗೆ ಜಾಸ್ತಿ ಬೇಕು, ಹುಡುಗರಿಗೆ ಕಮ್ಮಿ ಸಾಕು. ಇವನ ಲೆಕ್ಕದಲ್ಲಿ ನಾಲ್ಕು ಮೊಟ್ಟೆ ಸುಮಾರು 2.2 ಗ್ರಾಂ, ಅಂದ್ರೆ ಫೇಲು. ಮೊಟ್ಟೆ ತಿಂದೇ ಮೈ ಬೆಳೆಸ್ಕೊಂಡವರಿಗೆ ಈ ರಿಸಲ್ಟ್ ಯಾರಾದ್ರೂ ತಿಳಿಸ್ಬೇಕು.

ಒಂದಿನ ಕೂತು ಅವನ ಊಟದ ಲೆಕ್ಕ ಹಾಕಿದ್ವಿ. ತೂಕ 70 ಕೆಜಿ. ಜಿಮ್ ಮಾಡೋರಿಗೆ ಕೆಜಿಗೆ ಸುಮಾರು 1.6 ಗ್ರಾಂ ಅಂದ್ಕೊಂಡ್ರೆ ದಿನಕ್ಕೆ 112 ಗ್ರಾಂ ಪ್ರೋಟೀನ್. ಅಲಾರಾಂ, ತಕ್ಕಡಿ ಎಲ್ಲಾ ಬಿಟ್ಟು ನಿಜವಾದ ಊಟದಿಂದ ಅವನಿಗೆ ಬರ್ತಿದ್ದಿದ್ದು 55! ಬರೀ ಪುಡಿ ಕುಡಿಯೋದು ಅಂದ್ರೆ ಇಟ್ಟಿಗೆನೇ ತರಿಸ್ದೆ ಮೇಸ್ತ್ರಿನ ದಿನಕ್ಕೆ ಐದು ಸಲ ಕರೆಸಿದ ಹಾಗೆ. ಸ್ನಾಯು ಕಟ್ಟೋಕೆ ಒಂಬತ್ತೂ ಅಗತ್ಯ ಅಮೈನೋ ಆಮ್ಲ ಬೇಕು, ಲ್ಯೂಸಿನ್ ಅದ್ರಲ್ಲಿ ಒಂದು, ಮಿಕ್ಕ ಎಂಟು ಊಟದಿಂದ ಬರ್ಲಿಲ್ಲ ಅಂದ್ರೆ ಮೈ ತನ್ನದೇ ಹಳೇ ಗೋಡೆ ಒಡೆದು ಇಟ್ಟಿಗೆ ಹೊಂದಿಸ್ಬೇಕು.

ಹಂಚಿ ತಿನ್ನೋದು ಪೂರ್ತಿ ಸುಳ್ಳೇನಲ್ಲ. 2013ರ ಒಂದು ಪ್ರಯೋಗದಲ್ಲಿ ವ್ಯಾಯಾಮ ಆದ್ಮೇಲೆ 12 ಗಂಟೆಲಿ 80 ಗ್ರಾಂ ವೇ ಕೊಟ್ರು, ಬೇರೆ ಥರ ಹಂಚಿ ತಗೊಂಡವರಿಗಿಂತ ಮೂರು ಗಂಟೆಗೊಮ್ಮೆ 20 ಗ್ರಾಂ ತಗೊಂಡವರಲ್ಲಿ ಸ್ನಾಯು ಕಟ್ಟೋ ವೇಗ ಜಾಸ್ತಿ ಇತ್ತು. ಅಲಾರಾಂ ಹುಟ್ಟಿದ್ದು ಬಹುಶಃ ಅಲ್ಲೇ. ಆದ್ರೆ ಅವರು ಕುಡಿದಿದ್ದು ಬೇಗ ಜೀರ್ಣ ಆಗೋ ಬರೀ ವೇ, ಅಳೆದಿದ್ದೂ ಅರ್ಧ ದಿನ, ತಿಂಗಳುಗಟ್ಲೆ ಬೆಳೆದ ಸ್ನಾಯು ಅಲ್ಲ. 2023ರಲ್ಲಿ ಇನ್ನೊಂದು ತಂಡ 100 ಗ್ರಾಂ ಹಾಲಿನ ಪ್ರೋಟೀನ್ ಒಂದೇ ಸಲ ಕುಡಿಸಿ ನೋಡ್ತು, 12 ಗಂಟೆ ಆದ್ರೂ ಕಟ್ಟೋ ಕೆಲಸ ನಿಂತಿರ್ಲಿಲ್ಲ. ಹಂಗಾಗಿ ದಿನದ ಒಟ್ಟು ಸರಿಯಿದ್ರೆ ಮೂರ್ನಾಲ್ಕು ಊಟಕ್ಕೆ ಹಂಚಿದ್ರೆ ಬೇಕಾದಷ್ಟಾಯ್ತು, ಒಂದೆರಡು ಗಂಟೆ ಆಚೀಚೆ ಆದ್ರೆ ಯಾರ ತೋಳೂ ಕರಗಲ್ಲ.

ಎಲ್ಲಾ ಕೇಳಿಸ್ಕೊಂಡ. 112ರಲ್ಲಿ 55 ಕಳೆದ, ಇನ್ನೊಂದ್ಸಲ ಕಳೆದ. ಆಮೇಲೆ ಫೋನ್ ತೆಗೆದು ಗಂಭೀರವಾಗಿ ಕೇಳ್ದ, 'ಹಂಗಾದ್ರೆ ಈ 57 ಗ್ರಾಂಗೆ ಇನ್ನೆಷ್ಟು ಅಲಾರಾಂ ಇಡ್ಲಿ?'