ಮೊದಲ ಪುಟ ಮುಚ್ಚಿಟ್ಟು ಓದಿ

ಶಾಲೆಯಲ್ಲಿ ನಮಗೆಲ್ಲ ಪ್ರಬಂಧ ಕಲಿಸಿದ್ದು ಮೂರು ತಲೆಬರಹ ಕೊಟ್ಟು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪೀಠಿಕೆ ಇಲ್ಲದಿದ್ದರೆ ಮಾರ್ಕ್ಸ್ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ವಿಷಯ ಗ್ರಂಥಾಲಯವೇ ಆಗಲಿ, ರಾಷ್ಟ್ರೀಯ ಹಬ್ಬವೇ ಆಗಲಿ, ಮೊದಲ ನಾಲ್ಕು ಸಾಲು ಮಾನವ ಸಂಘಜೀವಿ ಅನ್ನುವಲ್ಲಿಂದಲೇ ಹೊರಡುತ್ತಿತ್ತು. ಪರೀಕ್ಷೆ ಮುಗಿದು ಎಷ್ಟೋ ವರ್ಷವಾಯಿತು, ಪೀಠಿಕೆ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಈಗಲೂ ಲಲಿತ ಪ್ರಬಂಧ ಬರೆಯಲು ಕೂತವರು ಮೊದಲ ಪುಟದಲ್ಲಿ ಗಂಟಲು ಸರಿ ಮಾಡಿಕೊಳ್ಳುತ್ತಾರೆ, ಮಾತು ಶುರುವಾಗುವುದು ಎರಡನೇ ಪುಟದಲ್ಲಿ.

ಇದನ್ನು ಬರೀ ಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೇ ನಮ್ಮ ಭಾವನ ಕೊಡೆ ಪ್ರಬಂಧದ ಕತೆ ಹೇಳುತ್ತೇನೆ. ಹೇಳಲು ಅವರ ಒಪ್ಪಿಗೆಯೂ ಇದೆ.

ಭಾವ ಬ್ಯಾಂಕಿನಿಂದ ನಿವೃತ್ತರಾದವರು, ಮಲೆನಾಡಿನವರು. ಅವರ ಅಪಾರ್ಟ್‌ಮೆಂಟಿನ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಕೊಡೆ ರಿಪೇರಿಯವನ ಬಗ್ಗೆ ಒಂದು ಪ್ರಬಂಧ ಬರೆದಿದ್ದರು. ಅಚ್ಚುಕಟ್ಟಾಗಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಪಿನ್ ಹೊಡೆದು ನನ್ನ ಕೈಗೆ ಕೊಟ್ಟರು. ನಾಲ್ಕು ಪುಟ. ಮೊದಲ ಪ್ಯಾರಾದಲ್ಲಿ ಮಳೆಗಾಲ ಬಂತೆಂದರೆ ಮಲೆನಾಡಿಗರ ಮನಸ್ಸು ಹೇಗೆ ಅರಳುತ್ತದೆ ಅಂತ ಇತ್ತು. ಎರಡನೆಯದರಲ್ಲಿ ಕೊಡೆ ಹುಟ್ಟಿದ್ದು ಎಲ್ಲಿ, ರಾಜರ ಶ್ವೇತಛತ್ರ ಎಂದರೆ ಏನು ಅನ್ನುವ ಇತಿಹಾಸ. ಮೂರನೆಯದು ಇಂದಿನ ಪೀಳಿಗೆ ಎಲ್ಲವನ್ನೂ ಬಳಸಿ ಬಿಸಾಡುತ್ತದೆ ಎಂಬ ಬೇಸರ. ನಾಲ್ಕನೆಯದು ಅವರ ತಂದೆಯ ಕೊಡೆ, ಅದರ ಬೆತ್ತದ ಹಿಡಿ, ಒಳಗೆ ಬಿಳಿ ನೂಲಿನಲ್ಲಿ ಹೊಲಿದ ಎರಡಕ್ಷರ. ಕೊನೆಗೆ ‘ಇಂತಹ ಕೊಡೆಗಳನ್ನು ರಿಪೇರಿ ಮಾಡುತ್ತಿದ್ದ ಒಬ್ಬ ವ್ಯಕ್ತಿಯ ಬಗ್ಗೆ ಇಲ್ಲಿ ಹೇಳಬಯಸುತ್ತೇನೆ’ ಅನ್ನುವ ಸಾಲು. ಅಲ್ಲಿಗೆ ಪುಟ ಮುಗಿಯಿತು.

ಎರಡನೇ ಪುಟ ಹೀಗೆ ಶುರುವಾಗಿತ್ತು: ‘ಸಂತೆಯ ದಿನ ಅವನು ಬಸ್ ಸ್ಟ್ಯಾಂಡಿನ ಗೋಡೆಗೆ ಒರಗಿ ಗೋಣಿಚೀಲ ಹಾಸಿ ಕೂರುತ್ತಿದ್ದ. ಕೊಡೆ ಕೊಟ್ಟರೆ ಬಿಡಿಸಿ ನೋಡುತ್ತಿರಲಿಲ್ಲ. ಮುಚ್ಚಿದ್ದನ್ನೇ ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದ. ಎಂಟು ಕಡ್ಡಿಯಲ್ಲಿ ಎಷ್ಟು ಹೋಗಿವೆ ಅಂತ ಅಲ್ಲೇ ಹೇಳುತ್ತಿದ್ದ.’

ಇಲ್ಲಿಂದ ಶುರು ಮಾಡಿದರೆ ಯಾರು ಓದುವುದು ಬಿಡುತ್ತಾರೆ ಹೇಳಿ?

ನಾನು ಮಾಡಿದ್ದು ಇಷ್ಟೇ. ಮೊದಲ ಪುಟದ ಮೇಲೆ ಆವತ್ತಿನ ಪೇಪರ್ ಮುಚ್ಚಿಟ್ಟೆ. ‘ಈಗ ಇಲ್ಲಿಂದ ಜೋರಾಗಿ ಓದಿ ಭಾವ, ಅಕ್ಕ ಕೇಳಲಿ’ ಅಂದೆ. ಅಕ್ಕ ಆ ಪ್ರಬಂಧ ನೋಡಿರಲಿಲ್ಲ. ಇದು ಮುಖ್ಯ. ಬರೆದವನ ತಲೆಯಲ್ಲಿ ಮೊದಲ ಪುಟ ಕೂತಿರುತ್ತದೆ, ಅದನ್ನು ಮುಚ್ಚಿಟ್ಟರೂ ಅವನಿಗೆ ಕಾಣುತ್ತಲೇ ಇರುತ್ತದೆ. ಏನು ತಪ್ಪಿಹೋಯಿತು ಅಂತ ಗೊತ್ತಾಗಬೇಕಾದರೆ ಅದನ್ನು ಓದದೇ ಇರುವ ಒಂದು ಜೊತೆ ಕಿವಿ ಬೇಕು. ಯಾರೂ ಸಿಗದಿದ್ದರೆ ಬರೆದದ್ದನ್ನು ಒಂದೆರಡು ವಾರ ಮುಟ್ಟದೆ ಇಟ್ಟು ಆಮೇಲೆ ಓದಬೇಕು, ಬೇರೆ ದಾರಿ ಇಲ್ಲ.

ಅಕ್ಕ ಎರಡೇ ಕಡೆ ತಡೆದಳು. ‘ಇದು ಯಾವ ಊರು, ಯಾವ ಕಾಲ?’ ಅಂತ ಒಮ್ಮೆ. ಮುಂದೆ ರಿಪೇರಿಯವನು ‘ಆ ಕೊಡೆ’ಯನ್ನು ನೋಡಿದ ತಕ್ಷಣ ಇದು ಮೇಷ್ಟ್ರದ್ದಲ್ವಾ ಅಂತ ಕೇಳುವ ಜಾಗ ಬಂತು. ‘ಯಾವ ಕೊಡೆ? ಅವನಿಗೆ ಹೇಗೆ ಗೊತ್ತಾಯಿತು?’ ಅಂದಳು. ಅಷ್ಟೇ. ಮಲೆನಾಡಿಗರ ಮನಸ್ಸು ಅರಳಿದ್ದಾಗಲೀ ಶ್ವೇತಛತ್ರವಾಗಲೀ ಇಲ್ಲದ್ದು ಅವಳ ಗಮನಕ್ಕೆ ಬರಲೇ ಇಲ್ಲ. ಪೂರ್ತಿ ಒಂದು ಪುಟದಲ್ಲಿ ಓದುವವರಿಗೆ ಬೇಕಾಗಿದ್ದದ್ದು ಎರಡು ಸಂಗತಿ.

ಆ ಎರಡನ್ನು ವಾಪಸ್ ತರಬೇಕು, ಆದರೆ ತಲೆಯ ಮೇಲೆ ತಂದು ಕೂರಿಸಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ಕತ್ತರಿಸಿದ ಪುಟವನ್ನು ನಾಲ್ಕು ಸಾಲಿಗೆ ಇಳಿಸಿ ಮತ್ತೆ ಮೇಲೇ ಹಚ್ಚುತ್ತಾರೆ. ಆಗ ಪೀಠಿಕೆ ಸಣ್ಣದಾಯಿತೇ ಹೊರತು ಹೋಗಲಿಲ್ಲ. ಊರಿನ ಹೆಸರು ಮೊದಲ ವಾಕ್ಯದ ಒಳಗೇ ಕೂತಿತು, ‘ಸಂತೆಯ ದಿನ’ದ ಹಿಂದೆ. ಕಾಲ ಹೇಳಲು ರಿಪೇರಿಗೆ ಅವನು ಕೇಳುತ್ತಿದ್ದ ನಾಲ್ಕಾಣೆ ಎಂಟಾಣೆ ಸಾಕಾಯಿತು, ಅದು ಎರಡನೇ ಪುಟದಲ್ಲೇ ಕೆಳಗೆಲ್ಲೋ ಇತ್ತು, ಸ್ವಲ್ಪ ಮೇಲೆ ತಂದರು. ಇನ್ನು ಬಿಳಿ ನೂಲಿನ ಅಕ್ಷರ. ಮೊದಲ ಪುಟದಲ್ಲಿ ಅದು ಸುಮ್ನೆ ತಂದೆಯವರ ಕೊಡೆಯ ವರ್ಣನೆಯಾಗಿ ಬಿದ್ದಿತ್ತು. ಈಗ ಅದನ್ನು ರಿಪೇರಿಯವನು ಕೊಡೆ ಬಿಡಿಸುವ ಜಾಗಕ್ಕೆ ಕಳಿಸಿದೆವು. ಅವನು ಬಿಡಿಸುತ್ತಾನೆ, ಕಪ್ಪು ಬಟ್ಟೆಯ ಒಳಮೈಯಲ್ಲಿ ಆ ಎರಡಕ್ಷರ ಕಾಣುತ್ತದೆ, ಇದು ಮೇಷ್ಟ್ರದ್ದಲ್ವಾ ಅನ್ನುತ್ತಾನೆ. ಅದೇ ಸಾಲು, ಪದವೂ ಬದಲಾಗಿಲ್ಲ, ಆದರೆ ಈಗ ಅದಕ್ಕೆ ಮಾಡಲು ಒಂದು ಕೆಲಸ ಸಿಕ್ಕಿತ್ತು.

ಎಲ್ಲಿ ಕತ್ತರಿಸಬೇಕು ಅಂತ ಪತ್ತೆ ಹಚ್ಚುವುದು ಹೇಗೆ? ಪುಟ ಅನ್ನುವುದು ಮಾತಿಗೆ ಹೇಳಿದ್ದು. ಎ4 ಹಾಳೆಯ ಕೊನೆ ನೋಡಿಕೊಂಡು ಯಾರ ಪ್ರಬಂಧವೂ ಶುರುವಾಗುವುದಿಲ್ಲ. ಕೆಲವರದ್ದು ಆರನೇ ಸಾಲಿಗೇ ಹೊರಡುತ್ತದೆ, ಕೆಲವರದ್ದು ಮೂರನೇ ಪುಟದವರೆಗೂ ಇಲ್ಲ. ನಾನು ಮೊದಲು ನೋಡುವುದು ವಾಕ್ಯದ ಕರ್ತೃ ಯಾರು ಅಂತ. ಮನುಷ್ಯ, ನಾವೆಲ್ಲರೂ, ಇಂದಿನ ಪೀಳಿಗೆ, ಬದುಕು ಇವೆಲ್ಲ ಕರ್ತೃವಾಗಿ ಸಾಲಾಗಿ ಬಂದು, ಅವುಗಳ ನಡುವೆ ಒಬ್ಬ ಅವನೋ ಅವಳೋ ಒಂದು ಜಾಗದಲ್ಲಿ ಒಂದು ಕೆಲಸ ಮಾಡುವ ವಾಕ್ಯ ಸಿಕ್ಕಿದರೆ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕುತ್ತೇನೆ. ಕ್ರಿಯಾಪದವೂ ಸುಳಿವು ಕೊಡುತ್ತದೆ. ‘ಅರಳುತ್ತದೆ’, ‘ಅನಿಸುತ್ತದೆ’, ‘ಎನ್ನಬಹುದು’ ಅಂತ ಹೋಗುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ‘ಕೂರುತ್ತಿದ್ದ’, ‘ಅಲ್ಲಾಡಿಸುತ್ತಿದ್ದ’ ಅಂತ ಆಗುತ್ತದೆ. ಆ ತಿರುವಿನ ಸ್ವಲ್ಪ ಮೇಲೆ ‘ಹೇಳಬಯಸುತ್ತೇನೆ’, ‘ಇರಲಿ, ವಿಷಯಕ್ಕೆ ಬರೋಣ’ ಅನ್ನುವ ಒಂದು ಸಾಲು ಇದ್ದೇ ಇರುತ್ತದೆ. ಬರೆದವರೇ ಹಾಕಿಕೊಟ್ಟ ಗುರುತು ಅದು. ವಿಷಯಕ್ಕೆ ಬರೋಣ ಅಂದ ಮೇಲೆ ಇಷ್ಟು ಹೊತ್ತು ಎಲ್ಲಿದ್ದಿರಿ ಸ್ವಾಮಿ ಅಂತ ಕೇಳಲೇಬೇಕಾಗುತ್ತದೆ.

ಭಾವ ಸುಲಭಕ್ಕೆ ಒಪ್ಪಲಿಲ್ಲ. ‘ಒಂದು ಪುಟ ಬರೆಯಲು ಎರಡು ದಿನ ಹಿಡಿದಿದೆ ಮಾರಾಯ’ ಅಂದರು. ಸುಳ್ಳಲ್ಲ. ಜಾಸ್ತಿ ಕಷ್ಟಪಟ್ಟು ಬರೆಯುವುದು ಆ ಪುಟವನ್ನೇ, ಯಾಕೆಂದರೆ ಏನು ಹೇಳಬೇಕು ಅಂತ ಆಗಿನ್ನೂ ಗೊತ್ತಿರುವುದಿಲ್ಲ, ಗೊತ್ತಾಗುವವರೆಗೆ ಕೈ ಓಡಿಸುತ್ತಿರುತ್ತೇವೆ. ಹಾಗಾಗಿ ಅದನ್ನು ಬರೆಯದೇ ಇರಲೂ ಆಗುವುದಿಲ್ಲ. ಆ ಪುಟ ಬರೆದಿರದಿದ್ದರೆ ಅವರಿಗೆ ಗೋಣಿಚೀಲ ನೆನಪಾಗುತ್ತಿತ್ತೋ ಇಲ್ಲವೋ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. 1926ರ ಬೇಸಿಗೆಯಲ್ಲಿ ಅಮೆರಿಕದ ಲೇಖಕ ಹೆಮಿಂಗ್ವೆ ತನ್ನ ‘ದಿ ಸನ್ ಆಲ್ಸೋ ರೈಸಸ್’ ಕಾದಂಬರಿಯ ಪ್ರತಿಯನ್ನು ಗೆಳೆಯ ಫಿಟ್ಸ್‌ಜೆರಾಲ್ಡ್‌ಗೆ ಓದಲು ಕೊಟ್ಟ. ಹಸ್ತಪ್ರತಿ ಆಗಲೇ ಪ್ರಕಾಶಕರ ಕೈ ಸೇರಿತ್ತು. ಫಿಟ್ಸ್‌ಜೆರಾಲ್ಡ್ ಉದ್ದನೆಯ ಪತ್ರ ಬರೆದು ಆರಂಭ ಸಡಿಲವಾಗಿದೆ, ಅದನ್ನು ಬಿಗಿ ಮಾಡು ಅಂದ. ಹೆಮಿಂಗ್ವೆ ಬಿಗಿ ಮಾಡುವ ಗೋಜಿಗೇ ಹೋಗದೆ ಆ ಆರಂಭವನ್ನೇ ಕಿತ್ತುಹಾಕಿದ, ಟೈಪ್ ಮಾಡಿದ ಸುಮಾರು ಹದಿನೈದು ಪುಟ. ಅಲ್ಲಿ ಹೇಳಿದ್ದೆಲ್ಲ ಮುಂದೆ ಹೇಗೂ ಬರುತ್ತದೆ ಎಂಬುದು ಅವನ ವಾದ. ಈಗ ಆ ಕಾದಂಬರಿ ಶುರುವಾಗುವುದು ಕಾಲೇಜಿನಲ್ಲಿ ಬಾಕ್ಸಿಂಗ್ ಚಾಂಪಿಯನ್ ಆಗಿದ್ದ ಒಬ್ಬನಿಂದ. ಈ ‘ಮುಂದೆ ಹೇಗೂ ಬರುತ್ತದೆ’ ಅನ್ನುವುದನ್ನೇ ನಾನು ಪರೀಕ್ಷೆಗೆ ಬಳಸುತ್ತೇನೆ. ಮೊದಲ ಪುಟದ ಒಂದೊಂದು ಸಾಲಿನ ಪಕ್ಕಕ್ಕೂ ಇದು ಮುಂದೆ ಎಲ್ಲಿ ಬರುತ್ತದೆ ಅಂತ ಪುಟಸಂಖ್ಯೆ ಬರೆಯುತ್ತಾ ಹೋದರೆ, ಎಲ್ಲೂ ಬಾರದ ಆದರೆ ಬೇಕೇಬೇಕಾದ ಸಾಲು ಒಂದೋ ಎರಡೋ ಉಳಿಯುತ್ತದೆ. ಭಾವನ ಪುಟದಲ್ಲಿ ಅಕ್ಕ ಹಿಡಿದದ್ದೂ ಅವನ್ನೇ.

ಕತ್ತರಿಸುವ ರುಚಿ ಹತ್ತಿದರೆ ಇನ್ನೊಂದು ಅಪಾಯ ಇದೆ. ಭಾವನಿಗೆ ಹತ್ತಿತು. ಪ್ರಬಂಧದ ಮೂರನೇ ಪುಟದಲ್ಲಿ, ತಂದೆ ತೀರಿಕೊಂಡ ವರ್ಷ ಅದೇ ಕೊಡೆಯನ್ನು ಇವರು ರಿಪೇರಿಗೆ ಒಯ್ದಾಗ ಅವನು ದುಡ್ಡು ತೆಗೆದುಕೊಳ್ಳದೆ ಮುಂದಿನ ಗಿರಾಕಿಯ ಕೊಡೆ ಎತ್ತಿಕೊಂಡ ಅನ್ನುವ ಮಾತು ಬರುತ್ತದೆ. ‘ಹಾಗಾದರೆ ಇಲ್ಲಿಂದಲೇ ಶುರು ಮಾಡಿದರೆ?’ ಅಂದರು. ಬೇಡ ಅಂದೆ. ಅವನು ಕೊಡೆಯನ್ನು ಕಿವಿಗೆ ಹಿಡಿಯುವುದನ್ನು, ನಾಲ್ಕಾಣೆಗೆ ಚೌಕಾಸಿ ಮಾಡುವುದನ್ನು ನೋಡಿದ ಮೇಲೆ ಆ ಸಾಲಿಗೆ ಬೆಲೆ. ಮೊದಲೇ ಹೇಳಿಬಿಟ್ಟರೆ ಯಾರೋ ಯಾರಿಗೋ ದುಡ್ಡು ಬಿಟ್ಟ ಸುದ್ದಿಯಾಗುತ್ತದೆ. ನಿಜವಾದ ಆರಂಭ ಅಂದರೆ ಇಡೀ ಬರಹದ ಅತಿ ಒಳ್ಳೆಯ ಸಾಲಲ್ಲ. ಮುಂದಿನ ಸಾಲಿಗೆ ದಾರಿ ಮಾಡಿಕೊಡುವ ಮೊದಲ ಸಾಲು ಸಿಕ್ಕಿದರೆ ಆಯಿತು. ಅದು ತೀರಾ ಸಪ್ಪೆಯಾಗಿದ್ದರೂ ನಡೆಯುತ್ತದೆ.

ತಲೆ ಕತ್ತರಿಸಿದಾಗ ಬಾಲವೂ ಅಲುಗುತ್ತದೆ. ಕೊನೆಯ ಪ್ಯಾರಾ ‘ಹೀಗೆ ಕೊಡೆಯೆಂಬುದು ಕೇವಲ ವಸ್ತುವಲ್ಲ’ ಅಂತ ಮೊದಲ ಪ್ಯಾರಾಕ್ಕೆ ಉತ್ತರ ಕೊಡುತ್ತಿತ್ತು. ಪ್ರಶ್ನೆಯೇ ಇಲ್ಲದ ಮೇಲೆ ಆ ಉತ್ತರ ಅನಾಥವಾಯಿತು. ಅದನ್ನೂ ತೆಗೆದರು. ನಾಲ್ಕು ಪುಟದ್ದು ಎರಡೂ ಮುಕ್ಕಾಲಾಯಿತು.

ಈ ಕತ್ತರಿ ಎಲ್ಲರಿಗೂ ಒಗ್ಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಪ್ರಬಂಧ ಎಂಬ ಪ್ರಕಾರಕ್ಕೆ ಹೆಸರು ಕೊಟ್ಟ ಫ್ರಾನ್ಸಿನ ಮಾಂಟೇನ್ ಕತ್ತರಿಸುವವನಲ್ಲ, ಸೇರಿಸುವವನು. 1580ರಲ್ಲಿ ಅಚ್ಚಾದ ಪ್ರಬಂಧಗಳನ್ನು 1588ರಲ್ಲಿ ಬೆಳೆಸಿದ, ಆ ಪ್ರತಿಯ ಅಂಚಿನಲ್ಲಿ 1592ರಲ್ಲಿ ಸಾಯುವವರೆಗೂ ಇನ್ನಷ್ಟು ಬರೆಯುತ್ತಾ ಹೋದ. ಅವನು ಊರೆಲ್ಲ ಸುತ್ತುತ್ತಾನೆ. ಆದರೆ ಸುತ್ತುವ ದಾರಿಯ ತುಂಬ ಅವನಿಗೆ ಕಿಡ್ನಿಯ ಕಲ್ಲು ಸಿಗುತ್ತದೆ, ಬೆಕ್ಕು ಸಿಗುತ್ತದೆ, ಕುದುರೆಯಿಂದ ಬಿದ್ದದ್ದು ಸಿಗುತ್ತದೆ. ಅಲೆಯುವುದಕ್ಕೂ ಹೊರಡದೆ ಬಾಗಿಲಲ್ಲೇ ನಿಂತಿರುವುದಕ್ಕೂ ವ್ಯತ್ಯಾಸ ಅದೇ. ಮುಚ್ಚಿಟ್ಟ ಪುಟವನ್ನು ತೆರೆದಾಗ ಅಲ್ಲಿ ಒಂದು ಬೆಕ್ಕಾದರೂ ಇದ್ದರೆ ನಾನು ಕತ್ತರಿ ಕೆಳಗಿಡುತ್ತೇನೆ. ಶ್ವೇತಛತ್ರದ ಪ್ಯಾರಾ ಭಾವನಿಗೆ ಇನ್ನೂ ಇಷ್ಟ. ಬೇರೆ ಫೈಲಿನಲ್ಲಿ ಎತ್ತಿಟ್ಟಿದ್ದಾರೆ. ಅಳಿಸಿ ಅಂತ ನಾನೂ ಹೇಳಲಿಲ್ಲ.